ತೇವದ ಗೋಡೆಗೆ ಬಣ್ಣ ಬಳಿದು ಮನೆ ಮಾರುವವರಿಗೆ

ಮನೆ ಮಾರಲು ಹೊರಟವರ ಬಾಯಲ್ಲಿ ಒಂದು ಮಾತು ಸಿದ್ಧವಾಗಿರುತ್ತದೆ: "ಏರಿಯಾ ಚೆನ್ನಾಗಿದೆ, ಮೆಟ್ರೋ ಹತ್ತಿರ, ತಗೊಳ್ಳೋರು ಹೇಗಿದ್ದರೂ ತಗೋತಾರೆ." ಬೆಂಗಳೂರಿನಲ್ಲಿ ಹತ್ತು ಹನ್ನೆರಡು ವರ್ಷ ಹಳೆಯದಾದ ಫ್ಲ್ಯಾಟುಗಳನ್ನು ಮಾರುವವರಿಂದ ಈ ಮಾತು ಕೇಳಿ ಕೇಳಿ ಸಾಕಾಗಿದೆ. ತಗೊಳ್ಳುತ್ತಾರೆ, ನಿಜ. ಆದರೆ ನೀವು ಹೇಳಿದ ಬೆಲೆಗಲ್ಲ. ಕಳೆದುಕೊಂಡ ಹಣಕ್ಕೆ ಮಾರ್ಕೆಟ್ ಬಿದ್ದಿದೆ ಎಂದು ದೂರುತ್ತೀರಿ. ಬಿದ್ದಿರುವುದು ಮಾರ್ಕೆಟ್ ಅಲ್ಲ, ಬೆಡ್‌ರೂಮಿನ ಗೋಡೆಯ ಗಾರೆ.

ಎಂಬತ್ತು ಲಕ್ಷ ಕೇಳುತ್ತಿರುವ ಎರಡು ಬೆಡ್‌ರೂಮಿನ ಒಂದು ಫ್ಲ್ಯಾಟನ್ನು ಊಹಿಸಿಕೊಳ್ಳಿ. ಬಾತ್‌ರೂಮಿಗೆ ಅಂಟಿದ ಗೋಡೆಯಲ್ಲಿ, ನೆಲದಿಂದ ಎರಡಡಿ ಎತ್ತರದವರೆಗೆ ಬಣ್ಣ ಹೊಪ್ಪಳೆ ಎದ್ದಿದೆ, ಬಿಳಿ ಉಪ್ಪು ಉದುರುತ್ತಿದೆ. ಮನೆಯವರ ಕಣ್ಣಿಗೆ ಅದು ರೂಢಿಯಾಗಿಬಿಟ್ಟಿದೆ. ನೋಡಲು ಬಂದವನ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ನೀರು ಎಲ್ಲಿಂದ ಬರುತ್ತಿದೆ, ಎಷ್ಟು ಒಡೆಯಬೇಕಾಗುತ್ತದೆ ಎಂಬುದು ಅವನಿಗೆ ತಿಳಿಯದು. ಆದ್ದರಿಂದ ಇಡೀ ಬಾತ್‌ರೂಮ್ ಕಿತ್ತು ಹೊಸದಾಗಿ ಮಾಡಿಸುವ ಲೆಕ್ಕ ಹಾಕಿ, ಅದರ ಮೇಲೆ ತನ್ನ ಭಯವನ್ನೂ ಸೇರಿಸಿ, ಎರಡು ಮೂರು ಲಕ್ಷ ಕಡಿಮೆಗೆ ಕೇಳುತ್ತಾನೆ. ಮೂಲ ಕಾರಣ ಎಷ್ಟೋ ಸಲ ನೆಲದ ಟೈಲ್ಸ್ ನಡುವಿನ ಸಂದುಗಳಲ್ಲಿ ಸವೆದುಹೋದ ಗ್ರೌಟ್. ಹಾಗಿದ್ದರೆ ಕೂಲಿ, ಸಾಮಗ್ರಿ ಎಲ್ಲ ಸೇರಿ ಸಾಮಾನ್ಯವಾಗಿ ಹತ್ತು ಹದಿನೈದು ಸಾವಿರದಲ್ಲಿ ಮುಗಿಯುವ ಕೆಲಸ.

ಆದರೆ ನೀವು ಮಾಡುವುದೇನು? ಪೇಂಟರನ್ನು ಕರೆದು ಒದ್ದೆ ಗೋಡೆಗೇ ಪುಟ್ಟಿ ಮೆತ್ತಿಸಿ ಬಣ್ಣ ಹೊಡೆಸುತ್ತೀರಿ, ಮುಗ್ಗಲು ವಾಸನೆ ಮುಚ್ಚಲು ಊದುಬತ್ತಿ ಹಚ್ಚುತ್ತೀರಿ. ಕೆಲವೇ ವಾರಗಳಲ್ಲಿ ಹೊಪ್ಪಳೆ ಮತ್ತೆ ಏಳುತ್ತದೆ, ಅದೂ ಅಡ್ವಾನ್ಸ್ ಕೊಡಲು ಬಂದವನು ಎರಡನೇ ಸಲ ಮನೆ ನೋಡುವ ಹೊತ್ತಿಗೆ. ಇದು ಸೋಮಾರಿತನವಷ್ಟೇ ಅಲ್ಲ, ಮೋಸ. ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂಥ, ಮಾರುವವನಿಗೆ ಮಾತ್ರ ಗೊತ್ತಿರುವ ಮುಖ್ಯ ದೋಷವನ್ನು ತಿಳಿಸಲೇಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಹೇಳುತ್ತದೆ.

ಮೊದಲು ಕಾರಣ ಪತ್ತೆಮಾಡಿ. ಆ ಬಾತ್‌ರೂಮನ್ನು ಒಂದೆರಡು ವಾರ ಬಳಸಬೇಡಿ, ಆದರೆ ಅದರ ನೀರಿನ ವಾಲ್ವ್ ತೆರೆದೇ ಇರಲಿ. ತೇವದ ಅಂಚಿಗೆ ಪೆನ್ಸಿಲ್ ಗೆರೆ ಎಳೆದಿಡಿ. ತೇವ ಗೆರೆ ದಾಟಿ ಹರಡಿದರೆ ಗೋಡೆಯೊಳಗಿನ ಪೈಪ್ ಸೋರುತ್ತಿರುವ ಸಾಧ್ಯತೆ ಹೆಚ್ಚು. ಅದು ಪ್ಲಂಬರ್ ಗೋಡೆ ಕೊರೆದು ಮಾಡಬೇಕಾದ ಕೆಲಸ, ಖರ್ಚೂ ಜಾಸ್ತಿ. ಒಣಗುತ್ತಾ ಬಂದರೆ ದೋಷ ನೆಲದ ಸಂದುಗಳಲ್ಲಿದೆ, ಇಲ್ಲವೇ ನೀರು ಹೊರಹೋಗುವ ಟ್ರ್ಯಾಪಿನ ಸುತ್ತ ಇದೆ. ಹಳೆಯ ಗ್ರೌಟ್ ಕೆರೆದು ತೆಗೆಸಿ, ಸಂದು ಪೂರ್ತಿ ಒಣಗಿದ ಮೇಲೆ ಎಪಾಕ್ಸಿ ಗ್ರೌಟ್ ತುಂಬಿಸಿ. ಅದು ಗಟ್ಟಿಯಾಗಲು ಕೆಲವು ದಿನ ಬಿಟ್ಟು, ಟ್ರ್ಯಾಪ್ ಮುಚ್ಚಿ, ನೆಲದ ಮೇಲೆ ಒಂದಂಗುಲ ನೀರು ನಿಲ್ಲಿಸಿ 24 ಗಂಟೆ ಕಾಯಿರಿ. ಆಚೆ ಗೋಡೆಯಲ್ಲಿ ಹೊಸ ತೇವ ಕಾಣದಿದ್ದರೆ ಸರಿ. ಮೇಲಿನ ಫ್ಲ್ಯಾಟಿನಿಂದ ಚಾವಣಿಗೆ ಸೋರುತ್ತಿದ್ದರೆ ಇದ್ಯಾವುದೂ ಉಪಯೋಗವಿಲ್ಲ, ಅಸೋಸಿಯೇಷನ್ ಮೂಲಕ ಮೇಲಿನವರಿಂದಲೇ ರಿಪೇರಿ ಮಾಡಿಸಬೇಕು.

ನಂತರ ಸಡಿಲವಾದ ಗಾರೆ ಕಿತ್ತು ಗೋಡೆ ಒಣಗಲು ಬಿಡಿ. ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಗೋಡೆಗೆ ಅಂಟಿಸಿ, ಮರುದಿನ ನೋಡಿ. ಒಳಗೆ ಹನಿ ಕಟ್ಟಿದ್ದರೆ ಇನ್ನೂ ಬಣ್ಣದ ಹೊತ್ತಲ್ಲ. ಈ ಕಾಯುವಿಕೆಗೆ ವಾರಗಳು ಹಿಡಿಯಬಹುದು. ಬ್ರೋಕರಿಗೆ ಫೋನ್ ಮಾಡಿದ ಮೇಲೆ ರಿಪೇರಿ ಯೋಚಿಸುವವರು ಕೆಡುವುದು ಇಲ್ಲೇ.

ಇನ್ನು ಸಾಮಾನಿನ ಕಥೆ. ಸಜ್ಜೆ ತುಂಬ ಹಳೇ ಟಿವಿಯ ರಟ್ಟಿನ ಡಬ್ಬ, ಬಾಲ್ಕನಿಯಲ್ಲಿ ಮುರಿದ ಸೈಕಲ್, ಎರಡನೇ ಬೆಡ್‌ರೂಮಿನಲ್ಲಿ ನಡೆದಾಡಲೂ ಜಾಗ ಬಿಡದ ಬೀರು ಮತ್ತು ಎರಡು ಮಂಚ. ಹೇಗೂ ಖಾಲಿ ಮಾಡುವ ಮನೆ, ಈಗಲೇ ಯಾಕೆ ಕಟ್ಟಿಡಬೇಕು ಎನ್ನುತ್ತೀರಿ. ಕೊಳ್ಳುವವರು ವಾರ್ಡ್‌ರೋಬ್ ಬಾಗಿಲು ತೆಗೆದು ನೋಡುತ್ತಾರೆ, ಸಿಂಕಿನ ಕೆಳಗೂ ಬಗ್ಗಿ ನೋಡುತ್ತಾರೆ. ತೆಗೆದ ಕೂಡಲೇ ಬಟ್ಟೆ ಜಾರಿ ಬಿದ್ದರೆ ಈ ಮನೆಯಲ್ಲಿ ಜಾಗ ಸಾಲದು ಎಂದು ತೀರ್ಮಾನಿಸುತ್ತಾರೆ. ವಾರ್ಡ್‌ರೋಬ್ ಅರ್ಧ ಖಾಲಿ ಮಾಡಿ, ಒಂದು ಮಂಚ ಸಾಗಿಸಿ, ಕಿಟಕಿಗೆ ಅಡ್ಡ ನಿಂತ ಬೀರುವನ್ನು ಪಕ್ಕದ ಗೋಡೆಗೆ ಸರಿಸಿ. ಧೂಳು ತಿಂದು ಕಪ್ಪಾದ ಸೊಳ್ಳೆ ಜಾಲರಿ ಬದಲಿಸಿದರೆ ರೂಮಿಗೆ ಬರುವ ಬೆಳಕೇ ಬೇರೆ. ಫೋಟೋ ತೆಗೆಯುವುದು ಇದೆಲ್ಲ ಆದ ಮೇಲೆ, ಹಗಲು ಬೆಳಕಿನಲ್ಲಿ. ಒಣಹಾಕಿದ ಬಟ್ಟೆಯ ಹಿಂದೆ ಹಾಲ್ ಅಡಗಿರುವ ಫೋಟೋ ನೋಡಿ ಯಾರೂ ಮನೆವರೆಗೆ ಬರುವುದಿಲ್ಲ.

ಇದಕ್ಕೆಲ್ಲ ಸೋಮಾರಿಗಳಾದವರೇ ಇನ್ನೊಂದು ಕಡೆ ಹಣ ಸುರಿಯುತ್ತಾರೆ: ಮಾರುವ ಮುಂಚೆ ಮೂರು ಲಕ್ಷದ ಮಾಡ್ಯುಲರ್ ಕಿಚನ್! ಕೊಳ್ಳುವವರಿಗೆ ಅವರದೇ ಇಷ್ಟವಿರುತ್ತದೆ. ನಿಮ್ಮ ಆಯ್ಕೆಗೆ ಅವರು ಪೂರ್ತಿ ಬೆಲೆ ಕೊಡುವುದು ಅಪರೂಪ. ಹಳೆಯ ಅಡುಗೆಮನೆಗೆ ಎಣ್ಣೆಜಿಡ್ಡು ತೊಳೆದ ಟೈಲ್ಸ್, ಸೋರದ ನಲ್ಲಿ, ಸರಿಯಾಗಿ ಮುಚ್ಚುವ ಬಾಗಿಲು ಸಾಕು.

ಮನೆ ತೋರಿಸುವಾಗ ಸೋರಿಕೆಯ ವಿಷಯ ನೀವೇ ಎತ್ತಿ. ರಿಪೇರಿಗೆ ಮುಂಚಿನ ಗೋಡೆಯ ಫೋಟೋ, ಕೆಲಸದ ಬಿಲ್ಲು, ನೀರು ನಿಲ್ಲಿಸಿ ಪರೀಕ್ಷಿಸಿದ ದಿನದ ಫೋಟೋ, ಮೂರನ್ನೂ ಅವರ ಕೈಗೆ ಕೊಡಿ. ಆಮೇಲೆ ಅವರು ಬೆಲೆ ಇಳಿಸಲು ಬೇರೆ ಕಾರಣ ಹುಡುಕಬೇಕಾಗುತ್ತದೆ.