‘ಸೂಕ್ತ ಕ್ರಮ’ ಎಂದರೆ ಯಾವ ಕ್ರಮ?

ಬೋಧನಾಭ್ಯಾಸದ ಅವಧಿಯಲ್ಲಿ ಪ್ರತಿವರ್ಷ ಪತ್ರಲೇಖನದ ಏಳೆಂಟು ಪಾಠಗಳನ್ನಾದರೂ ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತೇನೆ. ಹೆಚ್ಚಿನವು ಒಂದೇ ಜಾಡಿನವು. ‘ಇಂದ’ ಎಲ್ಲಿ, ‘ಗೆ’ ಎಲ್ಲಿ, ದಿನಾಂಕ ಯಾವ ಮೂಲೆಗೆ, ‘ಮಾನ್ಯರೇ’ ಆದ ಮೇಲೆ ವಿಷಯವೋ ವಿಷಯವಾದ ಮೇಲೆ ‘ಮಾನ್ಯರೇ’ಯೋ ಎನ್ನುವುದರಲ್ಲಿ ನಲವತ್ತು ನಿಮಿಷ ಮುಗಿದುಹೋಗುತ್ತದೆ. ಪತ್ರದ ಒಡಲಿಗೆ ಬರುವಾಗ ಗಂಟೆ ಹೊಡೆದಿರುತ್ತದೆ. ದೂರು ಪತ್ರದ ಮಟ್ಟಿಗಾದರೂ ಈ ಜಾಡು ಬದಲಾಗಬೇಕೆಂದು ನನಗೆ ಅನ್ನಿಸಿದ್ದು ಕಳೆದ ವರ್ಷ ಒಂಬತ್ತನೇ ತರಗತಿಯಲ್ಲಿ ನೋಡಿದ ಒಂದು ಪಾಠದಿಂದ.

ನಮ್ಮ ಪ್ರಶಿಕ್ಷಣಾರ್ಥಿ ಮಕ್ಕಳಿಗೆ, ‘ನಿಮ್ಮ ಮನೆಯಲ್ಲೇ ನಡೆದ ಒಂದು ತೊಂದರೆಯ ಬಗ್ಗೆ ಬರೆಯಿರಿ’ ಎಂದಿದ್ದಳು. ಒಳ್ಳೆಯ ಆರಂಭ. ಒಬ್ಬ ಹುಡುಗಿ ಆನ್‌ಲೈನಿನಲ್ಲಿ ತರಿಸಿದ ರೇನ್‌ಕೋಟ್ ಕೈಸೇರದ ಬಗ್ಗೆ ಹೀಗೆ ಬರೆದಳು: ‘ನಾವು ರೇನ್‌ಕೋಟ್ ಆರ್ಡರ್ ಮಾಡಿ ತುಂಬ ದಿನ ಆಯಿತು. ನಿಮ್ಮ ಹುಡುಗ ಪಾರ್ಸೆಲ್ ಕೊಡದೆಯೇ ಕೊಟ್ಟಿದ್ದೇನೆಂದು ಸುಳ್ಳು ಬರೆದಿದ್ದಾನೆ. ಎಷ್ಟು ಸಲ ಫೋನ್ ಮಾಡಿದರೂ ನಿಮಗೆ ಕಿವಿ ಕೇಳುವುದಿಲ್ಲ. ನಿಮ್ಮಂಥವರಿಂದ ಜನರಿಗೆ ಮೋಸವಾಗುತ್ತಿದೆ. ಆದ್ದರಿಂದ ದಯವಿಟ್ಟು ಕೂಡಲೇ ಸೂಕ್ತ ಕ್ರಮ ಕೈಗೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.’

ಪ್ರಶಿಕ್ಷಣಾರ್ಥಿ ಇದನ್ನು ಕಪ್ಪುಹಲಗೆಯ ಮೇಲೆ ತಿದ್ದಿದಳು. ‘ನಿಮ್ಮ ಹುಡುಗ’ ಹೋಗಿ ‘ತಮ್ಮ ಸಿಬ್ಬಂದಿಯವರು’ ಬಂತು. ‘ಸುಳ್ಳು ಬರೆದಿದ್ದಾನೆ’ ಹೋಗಿ ‘ತಪ್ಪು ಮಾಹಿತಿ ನೀಡಿರುವುದು ವಿಷಾದನೀಯ’ ಆಯಿತು. ಕಿವಿಯ ಮಾತನ್ನು ಹೊಡೆದುಹಾಕಿದಳು. ‘ಸೂಕ್ತ ಕ್ರಮ’ ಮಾತ್ರ ಹಾಗೆಯೇ ಉಳಿಯಿತು, ಅದರ ಹಿಂದೆ ಇನ್ನೊಂದು ‘ದಯಮಾಡಿ’ ಸೇರಿತು. ಐದಕ್ಕೆ ನಾಲ್ಕು ಅಂಕ.

ಪತ್ರ ನಯವಾಯಿತು ನಿಜ. ಆದರೆ ಅದನ್ನು ಓದಿದವರು ಮಾಡಬಹುದಾದದ್ದು ಮೊದಲೂ ಏನೂ ಇರಲಿಲ್ಲ, ಈಗಲೂ ಇಲ್ಲ. ಪಾಠ ಮುಗಿದ ಮೇಲೆ ಇದನ್ನೇ ಹೇಳಿದಾಗ ಅವಳು, ‘ಮೇಡಂ, ವಿನಯವಾಗಿ ಬರೆಯುವುದೇ ತಾನೇ ಕಲಿಕಾಂಶ?’ ಎಂದಳು. ಅವಳ ತಪ್ಪಲ್ಲ. ನಾವೇ ಹಾಗೆ ಕಲಿಸಿದ್ದೇವೆ.

ಮರುದಿನದ ಅವಧಿಗೆ ನಾವಿಬ್ಬರೂ ಸೇರಿ ಒಂದು ಚಟುವಟಿಕೆ ಯೋಚಿಸಿದೆವು. ಮುಂದಿನ ಸಾಲಿನ ಆರು ಮಕ್ಕಳು ಕಂಪನಿಯ ದೂರು ವಿಭಾಗದವರು. ಅವರ ಕೈಗೆ ಆ ತಿದ್ದಿದ ಪತ್ರ ಕೊಟ್ಟು, ‘ಇದನ್ನು ಓದಿ ನೀವು ಕೆಲಸ ಶುರುಮಾಡಬೇಕು. ಶುರುಮಾಡಲು ಏನೇನು ಗೊತ್ತಿರಬೇಕೋ ಪಟ್ಟಿ ಮಾಡಿ’ ಎಂದಳು ಪ್ರಶಿಕ್ಷಣಾರ್ಥಿ. ಐದೇ ನಿಮಿಷದಲ್ಲಿ ಪ್ರಶ್ನೆಗಳು ಬಂದವು. ಆರ್ಡರ್ ನಂಬರ್ ಎಷ್ಟು? ‘ತುಂಬ ದಿನ’ ಎಂದರೆ ಯಾವತ್ತಿನಿಂದ? ಹಣ ಮೊದಲೇ ಕಟ್ಟಿದ್ದಿರಾ? ಕೊಟ್ಟಿದ್ದೇವೆಂದು ತೋರಿಸಿದ ಹೊತ್ತಿನಲ್ಲಿ ಮನೆಯಲ್ಲಿ ಯಾರಿದ್ದರು, ಅವರನ್ನು ಓಟಿಪಿ ಕೇಳಿದ್ದರಾ? ಪಕ್ಕದ ಮನೆಯಲ್ಲಿ ವಿಚಾರಿಸಿದಿರಾ? ಕೊನೆಗೆ ಒಬ್ಬ ಹುಡುಗ ಕೇಳಿದ: ‘ನಿಮಗೆ ಈಗ ಕೋಟು ಬೇಕಾ, ದುಡ್ಡು ಬೇಕಾ?’

ಬರೆದ ಹುಡುಗಿಗೆ ಉತ್ತರ ಗೊತ್ತಿರಲಿಲ್ಲ. ಮನೆಗೆ ಹೋಗಿ ಅಮ್ಮನನ್ನು ಕೇಳಿಕೊಂಡು ಬಂದಳು. ಅರ್ಧ ಮಳೆಗಾಲ ಮುಗಿದಿತ್ತು, ಅಷ್ಟರಲ್ಲಿ ಕೊಡೆ ಕೊಂಡಿದ್ದರು, ಅವರಿಗೆ ಬೇಕಾಗಿದ್ದದ್ದು ಹಣ. ‘ಸೂಕ್ತ ಕ್ರಮ’ ಎನ್ನುವ ಮಾತು ಮುಚ್ಚಿಟ್ಟಿದ್ದು ಇದನ್ನೇ. ತನಗೇನು ಬೇಕೆಂದು ಬರೆಯುವವರೇ ತೀರ್ಮಾನಿಸಿಲ್ಲದಾಗ ಆ ಮಾತು ಕೈಗೆ ಸಿಗುತ್ತದೆ, ಓದುವವರು ಏನೂ ಮಾಡದೆ ‘ಕ್ರಮ ಕೈಗೊಳ್ಳಲಾಗಿದೆ’ ಎಂದು ಉತ್ತರಿಸುವುದಕ್ಕೂ ಅದೇ ದಾರಿ ಮಾಡಿಕೊಡುತ್ತದೆ.

ಇನ್ನೊಂದು ಸಂಗತಿ ವ್ಯಾಕರಣದ್ದು. ಮಕ್ಕಳ ಹೊಸ ಕರಡುಗಳಲ್ಲಿ ಕೆಲವರು ‘ಪಾರ್ಸೆಲ್ ತಲುಪಿಸಿಲ್ಲ’ ಎಂದೂ ಕೆಲವರು ‘ಪಾರ್ಸೆಲ್ ತಲುಪಿಲ್ಲ’ ಎಂದೂ ಬರೆದಿದ್ದರು. ನಡುವೆ ಇರುವುದು ಒಂದೇ ಅಕ್ಷರ. ‘ತಲುಪಿಸಿಲ್ಲ’ ಎಂದಾಗ ಅಲ್ಲೊಬ್ಬ ತಪ್ಪಿತಸ್ಥ ನಿಂತಿರುತ್ತಾನೆ. ‘ತಲುಪಿಲ್ಲ’ ಎಂದಾಗ ನಮಗೆ ಖಚಿತವಾಗಿ ಗೊತ್ತಿರುವುದನ್ನಷ್ಟೇ ಹೇಳಿದಂತಾಗುತ್ತದೆ. ‘ಕೊಟ್ಟಿಲ್ಲ’–‘ಸಿಕ್ಕಿಲ್ಲ’, ‘ಒಡೆದಿದ್ದೀರಿ’–‘ಒಡೆದಿದೆ’ ಇವೂ ಇಂಥವೇ. ಸಕರ್ಮಕ, ಅಕರ್ಮಕಗಳನ್ನು ಪಟ್ಟಿ ಬರೆಸಿ ಕಲಿಸುವ ನಾವು ಅವುಗಳ ಈ ಉಪಯೋಗವನ್ನು ತೋರಿಸುವುದೇ ಇಲ್ಲ. ದೂರು ಪತ್ರದ ಸೌಜನ್ಯ ‘ತಾವು’, ‘ದಯಮಾಡಿ’ಗಳಿಗಿಂತ ಹೆಚ್ಚಾಗಿ ಈ ಕ್ರಿಯಾಪದಗಳಲ್ಲಿದೆ ಎಂದು ನನ್ನ ಅಭಿಪ್ರಾಯ.

ಮೂರನೆಯ ಕರಡು ಹೀಗಾಯಿತು. ತಾಯಿಯ ಹೆಸರಿನಲ್ಲಿ ಬರೆದದ್ದು, ಏಕೆಂದರೆ ಆರ್ಡರ್ ಅವರ ಹೆಸರಿನಲ್ಲಿತ್ತು. ವಿಷಯದ ಸಾಲಿನಲ್ಲೇ ಆರ್ಡರ್ ನಂಬರ್, ಜೊತೆಗೆ ‘ಪಾರ್ಸೆಲ್ ತಲುಪಿಲ್ಲ, ರೂ. 649 ಹಿಂದಿರುಗಿಸಲು ಕೋರಿಕೆ’.

‘ಮಾನ್ಯರೇ, ಈ ಆರ್ಡರ್‌ನ ರೇನ್‌ಕೋಟ್ ಜುಲೈ 12ರಂದು ಮಧ್ಯಾಹ್ನ 3.40ಕ್ಕೆ ವಿತರಣೆಯಾಗಿದೆ ಎಂದು ನಿಮ್ಮ ಆ್ಯಪ್ ತೋರಿಸುತ್ತಿದೆ. ಆದರೆ ಪಾರ್ಸೆಲ್ ನಮಗೆ ತಲುಪಿಲ್ಲ. ಆ ಹೊತ್ತಿನಲ್ಲಿ ನನ್ನ ಅತ್ತೆ ಮನೆಯಲ್ಲಿದ್ದರು, ಯಾರೂ ಬರಲಿಲ್ಲ ಎನ್ನುತ್ತಾರೆ. ನನ್ನ ಫೋನಿಗೆ ಓಟಿಪಿ ಬಂದಿಲ್ಲ. ಅಕ್ಕಪಕ್ಕದ ಮನೆಗಳಲ್ಲೂ ರಸ್ತೆ ತುದಿಯ ಅಂಗಡಿಯಲ್ಲೂ ವಿಚಾರಿಸಿದ್ದೇನೆ. ಜುಲೈ 14 ಮತ್ತು 17ರಂದು ನಿಮ್ಮ ಸಹಾಯವಾಣಿಗೆ ಕರೆ ಮಾಡಿದ್ದೆ. ವಿತರಣೆಯ ವೇಳೆ ಫೋಟೋ ತೆಗೆದಿದ್ದರೆ ದಯವಿಟ್ಟು ಪರಿಶೀಲಿಸಿ. ನಮಗೆ ಈಗ ರೇನ್‌ಕೋಟ್ ಬೇಡ. ಕಟ್ಟಿದ ರೂ. 649 ಅನ್ನು ಜುಲೈ 31ರೊಳಗೆ ಅದೇ ಖಾತೆಗೆ ಹಿಂದಿರುಗಿಸಿ ತಿಳಿಸಬೇಕಾಗಿ ಕೋರುತ್ತೇನೆ.’

ಮೊದಲ ಪತ್ರಕ್ಕಿಂತ ಉದ್ದವಾಯಿತು. ಆದರೂ ಯಾರನ್ನೂ ಬೈದಿಲ್ಲ, ಓದುವವರು ಮತ್ತೆ ಪ್ರಶ್ನೆ ಕೇಳುವ ಕಾರಣವೂ ಇಲ್ಲ. ಒಬ್ಬ ಹುಡುಗ ಬ್ಯಾಂಕ್ ಕಾರ್ಡಿನ ನಂಬರನ್ನೂ ಸೇರಿಸಲು ಹೊರಟಿದ್ದ. ಅದನ್ನು ಯಾವ ಪತ್ರದಲ್ಲೂ ಬರೆಯಬಾರದೆಂದು ಹೇಳಲು ಅದೇ ಸಂದರ್ಭ ಒದಗಿತು. ಇನ್ನೊಬ್ಬಳು ‘ಕೋರ್ಟಿಗೆ ಹೋಗುತ್ತೇವೆ ಎಂದೂ ಹಾಕೋಣ ಮಿಸ್’ ಎಂದಳು. ಮೊದಲ ಪತ್ರದಲ್ಲಿ ಬೇಡ ಎಂದೆವು, ಎರಡನೆಯದಕ್ಕೆ ಹೇಳುವುದು ಏನಾದರೂ ಉಳಿದಿರಬೇಕಲ್ಲ. ಅದನ್ನೂ ಬೆದರಿಕೆಯಾಗಿ ಬರೆಯಬೇಕಿಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಇಂಥ ಕಂಪನಿಯ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಅದನ್ನು ಬಗೆಹರಿಸಬೇಕು. ಆ ಅವಧಿ ಮೀರಿದಾಗ ‘ಜುಲೈ 19ರ ನನ್ನ ಪತ್ರಕ್ಕೆ ಉತ್ತರ ಬಂದಿಲ್ಲ, ಆದ್ದರಿಂದ 1915ರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸುತ್ತಿದ್ದೇನೆ’ ಎಂದರೆ ಸಾಕು. ಮೊದಲ ಪತ್ರದ ಪ್ರತಿ ಇಟ್ಟುಕೊಂಡವರು ಮಾತ್ರ ಹೀಗೆ ಬರೆಯಲು ಸಾಧ್ಯ.

ಪತ್ರವನ್ನು ತಾಯಿ ನಿಜವಾಗಿಯೂ ಕಳಿಸಿದರು. ನಾಲ್ಕನೆಯ ದಿನ ಉತ್ತರ ಬಂತು. ಫೋಟೋದಲ್ಲಿದ್ದದ್ದು ನೀಲಿ ಗೇಟು, ಇವರ ಮನೆಗೆ ಗೇಟೇ ಇಲ್ಲ. 2ನೇ ಮುಖ್ಯರಸ್ತೆಯ ಪಾರ್ಸೆಲ್ 2ನೇ ಅಡ್ಡರಸ್ತೆಯಲ್ಲಿ ಅದೇ ನಂಬರಿನ ಮನೆಗೆ ಹೋಗಿತ್ತು. ಹಣ ವಾಪಸಾಯಿತು. ಆ ಹುಡುಗಿ ತರಗತಿಯಲ್ಲಿ ಇದನ್ನು ಹೇಳುವಾಗ ಸ್ವಲ್ಪ ತಡೆದು, ‘ಆ ಅಣ್ಣ ಸುಳ್ಳು ಬರೆದಿರಲಿಲ್ಲ’ ಎಂದಳು.

ಸಹೋದ್ಯೋಗಿಯೊಬ್ಬರ ಆಕ್ಷೇಪ ಸರಿಯಾದದ್ದೇ. ಪರೀಕ್ಷೆಯಲ್ಲಿ ಆರ್ಡರ್ ನಂಬರ್ ಎಲ್ಲಿಂದ ಬರಬೇಕು, ಎರಡು ಅವಧಿ ಒಂದೇ ಪತ್ರಕ್ಕೆ ಕೊಟ್ಟರೆ ಪಾಠಯೋಜನೆ ಮುಗಿಯುವುದು ಹೇಗೆ ಎಂದು ಅವರು ಕೇಳಿದರು. ನಂಬರನ್ನೂ ದಿನಾಂಕವನ್ನೂ ಮಗು ಕಲ್ಪಿಸಿಕೊಂಡು ಬರೆಯಲಿ, ತಪ್ಪೇನಿಲ್ಲ. ಅವಧಿಯ ಮಾತಿಗೆ ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ. ನಾಲ್ಕು ಬಗೆಯ ಪತ್ರಗಳನ್ನು ಒಂದೊಂದು ಸಲ ಬರೆಸುವುದಕ್ಕಿಂತ ಒಂದನ್ನು ಮೂರು ಸಲ ಬರೆಸುವುದು ನನಗಿಷ್ಟ, ಅಷ್ಟೇ. ಈ ವರ್ಷ ನನ್ನ ವೀಕ್ಷಣಾ ನಮೂನೆಯಲ್ಲಿ ಐದು ಅಂಕಗಳನ್ನು ಬೇರೆ ರೀತಿ ಹಂಚಿದ್ದೇನೆ: ನಮೂನೆಗೆ ಎರಡು, ಓದುವವರಿಗೆ ಬೇಕಾದ ವಿವರಗಳಿಗೆ ಎರಡು, ಏನು ಬೇಕೆಂದು ಸ್ಪಷ್ಟವಾಗಿ ಕೇಳಿದ ಆ ಒಂದು ವಾಕ್ಯಕ್ಕೆ ಒಂದು. ‘ಸೂಕ್ತ ಕ್ರಮ’ ಎಂದು ಬರೆದವರಿಗೆ ಆ ಕೊನೆಯ ಅಂಕ ಇಲ್ಲ.