ಶಿಕ್ಷಕಿಯ ಐದು ಪಾಸ್‌ಬುಕ್ಕುಗಳು

ನಿವೃತ್ತಿ ಸಮಾರಂಭಗಳ ಭಾಷಣಗಳು ಸಾಮಾನ್ಯವಾಗಿ ಒಂದೇ ಅಚ್ಚಿನಲ್ಲಿ ಎರಕವಾದವು. ಕಳೆದ ಮೇ ತಿಂಗಳಿನಲ್ಲಿ ಪೆರಿಯಕುಳದಲ್ಲಿ ನಾನು ಕೇಳಿದ ಭಾಷಣ ಹಾಗಿರಲಿಲ್ಲ. ಮೂವತ್ತೈದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದ ಶಿಕ್ಷಕಿಯೊಬ್ಬರು ಶಾಲು, ಹಾರಗಳನ್ನು ಪಕ್ಕಕ್ಕಿಟ್ಟು, ತಾವು ಹಣ ಕೂಡಿಟ್ಟ ಬಗೆಯನ್ನು ಮಾತ್ರ ಹೇಳಿದರು. ಸಭೆಯಲ್ಲಿದ್ದವರಲ್ಲಿ ಹೆಚ್ಚಿನವರು ಕಂಬಂ ಕಣಿವೆಯ ಕನ್ನಡ ಮನೆಗಳವರು; ಮಾವು, ದ್ರಾಕ್ಷಿಗಳ ಸುಗ್ಗಿ ಬಂದಾಗ ಕೈತುಂಬ ಕಂಡು, ಉಳಿದ ತಿಂಗಳು ಸಾಲದ ಲೆಕ್ಕ ಬರೆಯುವವರು. ಆದುದರಿಂದಲೇ ಆ ಮಾತು ಎಲ್ಲರ ಕಿವಿಗೂ ತಾಗಿತು.

ಅವರ ಉಪಾಯ ಅಂಚೆ ಕಚೇರಿಯ ಐದು ವರ್ಷದ ಆರ್.ಡಿ. ಕೆಲಸಕ್ಕೆ ಸೇರಿದ ವರ್ಷ ತಿಂಗಳಿಗೆ ಐವತ್ತು ರೂಪಾಯಿಯ ಒಂದು ಖಾತೆ ತೆರೆದರು. ಮರುವರ್ಷ ಅದನ್ನು ಹೆಚ್ಚಿಸುವ ಬದಲು ಎರಡನೆಯ ಖಾತೆ ತೆರೆದರು; ಅದರ ಮರುವರ್ಷ ಮೂರನೆಯದು. ಐದನೆಯ ವರ್ಷಕ್ಕೆ ಪೆಟ್ಟಿಗೆಯಲ್ಲಿ ಐದು ಪಾಸ್‌ಬುಕ್ಕುಗಳು. ಆಮೇಲೆ ಪ್ರತಿ ವರ್ಷವೂ ಒಂದು ಖಾತೆ ಪಕ್ವವಾಗುತ್ತಿತ್ತು. ಅದರ ಜಾಗದಲ್ಲಿ, ಸಂಬಳ ಏರಿದ್ದಕ್ಕೆ ತಕ್ಕಂತೆ, ಸ್ವಲ್ಪ ದೊಡ್ಡ ಕಂತಿನ ಹೊಸದೊಂದು ಹುಟ್ಟುತ್ತಿತ್ತು. ಎಲ್ಲವನ್ನೂ ಮೇ ತಿಂಗಳ ಮೊದಲ ವಾರದಲ್ಲಿಯೇ ತೆರೆದದ್ದರಿಂದ ಜೂನ್‌ನಲ್ಲಿ ಶಾಲೆ ತೆರೆಯುವ ಮುನ್ನ ಹಣ ಕೈಗೆ ಬರುತ್ತಿತ್ತು. ತಮ್ಮ ಇಬ್ಬರು ಮಕ್ಕಳ ಕಾಲೇಜು ಶುಲ್ಕಕ್ಕೆ ಒಮ್ಮೆಯೂ ಒಡವೆ ಅಡವಿಡಲಿಲ್ಲವೆಂದು ಹೇಳುವಾಗ ಅವರ ದನಿ ಕೊಂಚ ಏರಿತು, ಏರಬೇಕಾದದ್ದೇ.

ಇಂದಿನ ಲೆಕ್ಕ ಹೀಗಿದೆ. ಈಗ ಕನಿಷ್ಠ ಕಂತು 100 ರೂಪಾಯಿ. ವಾರ್ಷಿಕ ಶೇ. 6.7ರ ದರದಲ್ಲಿ ತಿಂಗಳಿಗೆ 1,000 ರೂಪಾಯಿ ಕಟ್ಟಿದರೆ ಅರವತ್ತು ಕಂತುಗಳಲ್ಲಿ ಕಟ್ಟಿದ 60,000 ರೂಪಾಯಿ ಸುಮಾರು 71,366 ಆಗುತ್ತದೆ. ಇದರಿಂದ ಯಾರೂ ಶ್ರೀಮಂತರಾಗುವುದಿಲ್ಲ, ಶಿಕ್ಷಕಿಯೂ ಹಾಗೆಂದು ಹೇಳಲಿಲ್ಲ. ಬೇಕಾದ ತಿಂಗಳಿನಲ್ಲಿ ಬೇಕಾದಷ್ಟು ಹಣ ಸಿಗುವುದೇ ಅವರ ಗುರಿಯಾಗಿತ್ತು.

ಕೆಡುವುದು ಎಲ್ಲಿ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ತಿಂಗಳ 15ರೊಳಗೆ ತೆರೆದ ಖಾತೆಗೆ ಪ್ರತಿ ತಿಂಗಳೂ 15ರೊಳಗೆ ಕಟ್ಟಬೇಕು. ಸಂಬಳ ಕರಗುವ ಮೊದಲೇ ಕಟ್ಟಿಸುವ ಆ ಗಡುವನ್ನು ಅವರು ಬೇಕೆಂದೇ ಆರಿಸಿಕೊಂಡಿದ್ದರು. ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ, ಅದು ಹಗುರ. ಆದರೆ ಸತತ ನಾಲ್ಕು ಕಂತು ತಪ್ಪಿದರೆ ಖಾತೆ ನಿಂತುಹೋಗುತ್ತದೆ. ಎರಡು ತಿಂಗಳೊಳಗೆ ಬಾಕಿ ಕಟ್ಟಿ ಎಬ್ಬಿಸದಿದ್ದರೆ ಮುಂದೆ ಅದಕ್ಕೆ ಹಣ ಸೇರಿಸಲಾಗದು. ಇನ್ನೊಂದು ಅಪಾಯ, ಮನೆಬಾಗಿಲಿಗೆ ಬಂದು ಕಂತು ಒಯ್ಯುವ ಏಜೆಂಟರ ಮೇಲಿನ ಕುರುಡು ನಂಬಿಕೆ. ಹೆಚ್ಚಿನವರು ಪ್ರಾಮಾಣಿಕರೇ. ಆದರೂ ಅವರ ಕಾರ್ಡಿನ ಸಹಿಯೊಂದನ್ನೇ ನೋಡಿ ಸುಮ್ಮನಿರಬಾರದು, ಅಂಚೆ ಕಚೇರಿಯ ಪಾಸ್‌ಬುಕ್ಕಿನಲ್ಲಿ ಆ ತಿಂಗಳ ನಮೂದು ಬಿದ್ದಿದೆಯೇ ಎಂದು ನೋಡಬೇಕು. ಶಿಕ್ಷಕಿ ಮಕ್ಕಳ ಹಾಜರಿ ನೋಡುವಂತೆ ಪ್ರತಿ ತಿಂಗಳೂ ಪಾಸ್‌ಬುಕ್ಕು ನೋಡುತ್ತಿದ್ದರಂತೆ.

ಕೊನೆಗೆ ಅವರು ತಮ್ಮ ಸಹೋದ್ಯೋಗಿಯೊಬ್ಬರ ಪ್ರಸಂಗ ಹೇಳಿದರು. ಆತ ಮದುವೆಗೆ ಮುಂಚೆ ತೆರೆದ ಖಾತೆಗೆ ತಾಯಿಯನ್ನು ನಾಮಿನಿ ಮಾಡಿದ್ದರು; ಅವಧಿ ಮುಗಿದಾಗ ಅದನ್ನೇ ಮುಂದುವರಿಸಿ, ಹೆಸರು ಬದಲಿಸಲು ಮರೆತರು. ಅಕಾಲದಲ್ಲಿ ತೀರಿಕೊಂಡಾಗ ಹಣ ಅಂಚೆ ಕಚೇರಿಯಿಂದ ತಾಯಿಯ ಕೈ ಸೇರಿತು. ಹೆಂಡತಿ ಎರಡು ಮಕ್ಕಳೊಡನೆ ಬರಿಗೈಯಲ್ಲಿ ನಿಂತರು. ನಾಮಿನಿಯೇ ಒಡೆಯರೆಂದು ಊರೆಲ್ಲ ಹೇಳಿದ್ದನ್ನು ನಂಬಿ ಸುಮ್ಮನಾದರು.

ಇಲ್ಲಿ ವಕೀಲನಾಗಿ ನನ್ನದೊಂದು ಮಾತು ಸೇರಿಸಬೇಕು. ಊರಿನ ಆ ನಂಬಿಕೆ ತಪ್ಪು. ಅಂಚೆ ಕಚೇರಿ ಯಾರ ಕೈಗೆ ಹಣ ಕೊಟ್ಟರೆ ಅದರ ಹೊಣೆ ತೀರುತ್ತದೆಂಬುದನ್ನಷ್ಟೇ ನಾಮನಿರ್ದೇಶನ ಹೇಳುತ್ತದೆ. ಹಣವನ್ನು ಪಡೆದ ನಾಮಿನಿ ಅದನ್ನು ವಾರಸುದಾರರ ಪರವಾಗಿ ಇರಿಸಿಕೊಂಡವರು. ಉಳಿತಾಯ ಪತ್ರಗಳ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2000ದಲ್ಲಿ ಇದನ್ನೇ ಹೇಳಿದೆ. ಉಯಿಲು ಬರೆಯದೆ ತೀರಿಕೊಂಡ ಹಿಂದೂ ಪುರುಷನ ತಾಯಿ, ಹೆಂಡತಿ, ಮಕ್ಕಳು 1956ರ ಉತ್ತರಾಧಿಕಾರ ಕಾಯಿದೆಯಂತೆ ಮೊದಲ ವರ್ಗದ ವಾರಸುದಾರರು. ಆ ಮನೆಯಲ್ಲಿ ತಾಯಿಗೆ ಕಾಲು ಭಾಗ, ಹೆಂಡತಿಗೆ ಕಾಲು, ಇಬ್ಬರು ಮಕ್ಕಳಿಗೂ ತಲಾ ಕಾಲು. ಕೇಳಿದ್ದರೆ ಮುಕ್ಕಾಲು ಪಾಲು ಆ ಹೆಣ್ಣುಮಗಳ ಸಂಸಾರಕ್ಕೆ ಬರಬೇಕಾಗಿತ್ತು. ಆದರೆ ಅತ್ತೆಯ ಮೇಲೆ ದಾವೆ ಹೂಡುವುದೆಂದರೆ ನಮ್ಮಲ್ಲಿ ಎಷ್ಟು ಕಷ್ಟವೆಂದು ನನಗೆ ಗೊತ್ತು. ಗೆದ್ದರೂ ಮನೆ ಒಡೆಯುತ್ತದೆ.

ಅದನ್ನು ತಪ್ಪಿಸಲು ಬೇಕಾದದ್ದು ಒಂದು ನಮೂನೆ. ಖಾತೆ ನಡೆಯುತ್ತಿರುವಾಗ ಯಾವಾಗ ಬೇಕಾದರೂ ಅದನ್ನು ತುಂಬಿ ನಾಮಿನಿಯನ್ನು ಬದಲಿಸಬಹುದು; ಒಬ್ಬರಿಗಿಂತ ಹೆಚ್ಚು ಮಂದಿಯನ್ನೂ ಹೆಸರಿಸಬಹುದು. ಕೊಟ್ಟು ಬಂದರಷ್ಟೇ ಸಾಲದು, ಹೊಸ ನಾಮನಿರ್ದೇಶನ ಪಾಸ್‌ಬುಕ್ಕಿನಲ್ಲಿ ನಮೂದಾಗಿದೆಯೇ ಎಂದು ಅಲ್ಲಿಯೇ ತೆರೆದು ನೋಡಿಕೊಂಡು ಬರಬೇಕು.