ಸಂಘದ ರೊಟ್ಟಿ ಯಂತ್ರಕ್ಕೂ ಕೂಲಿ ಹಾಕಿ

ನಮ್ಮ ಕಡೆ ಹಳ್ಳಿಯ ಸ್ವಸಹಾಯ ಸಂಘದವರು ಏನಾದ್ರೂ ಬಿಸಿನೆಸ್ ಮಾಡೋಣ ಅಂದ್ರೆ ಮೊದಲು ನೆನಪಾಗೋದು ಜೋಳದ ಖಡಕ್ ರೊಟ್ಟಿ. ಕೈಯಲ್ಲಿ ಕೆಲಸ ಇದೆ, ಜೋಳ ಊರಲ್ಲೇ ಸಿಗುತ್ತೆ, ಒಣಗಿಸಿಟ್ಟರೆ ವಾರಗಟ್ಟಲೆ ಕೆಡಲ್ಲ. ನಮ್ಮ ಚಿಗವ್ವನ ಸಂಘದಲ್ಲಿ ಹತ್ತು ಜನ. ಎಲ್ಲರೂ ಸೇರಿ ಸಾಲ ಮಾಡಿ ರೊಟ್ಟಿ ಒತ್ತುವ ಯಂತ್ರ ತಂದರು. ಲೆಕ್ಕ ನೋಡು ಅಂತ ನೋಟ್‌ಬುಕ್ ನನಗೆ ಫೋಟೋ ತೆಗೆದು ಕಳಿಸಿದ್ರು.

ನೋಟ್‌ಬುಕ್ ಪ್ರಕಾರ ಲಾಭ ಇತ್ತು. ಒಂದು ರೊಟ್ಟಿಗೆ ಹಿಟ್ಟು 2 ರೂಪಾಯಿ 20 ಪೈಸೆ, ಗ್ಯಾಸು-ಕರೆಂಟು 60 ಪೈಸೆ, ಬೇಯಿಸೋರ ಕೂಲಿ 2 ರೂಪಾಯಿ, ಕವರ್ ಮತ್ತು ಲೇಬಲ್ 60 ಪೈಸೆ. ಒಟ್ಟು 5.40. ಅಂಗಡಿಯವ ಊರಿಗೇ ಬಂದು 6 ರೂಪಾಯಿಗೆ ಒಯ್ತಾನೆ. ಅಂದ್ರೆ ರೊಟ್ಟಿಗೆ 60 ಪೈಸೆ ಉಳೀತು ಅಂತ ಲೆಕ್ಕ.

ಆದರೆ ಈ ಪಟ್ಟಿಯಲ್ಲಿ ಎರಡು ಬಿಟ್ಟು ಹೋಗಿದ್ವು. ಮೊದಲನೆಯದು ಯಂತ್ರ. ಅದರ ಬೆಲೆ 1,20,000. ಐದು ವರ್ಷ ಬಾಳಿಕೆ ಅಂದ್ರೆ ವರ್ಷಕ್ಕೆ 24,000. ರಿಪೇರಿಗೆ 6,000 ಸೇರಿಸಿದ್ರೆ 30,000. ವರ್ಷಕ್ಕೆ 250 ದಿನ ಓಡಿದ್ರೆ ದಿನಕ್ಕೆ 120 ರೂಪಾಯಿ. ಇವರು ಮಾಡ್ತಿದ್ದದ್ದು ದಿನಕ್ಕೆ 300 ರೊಟ್ಟಿ. ಅಲ್ಲಿಗೆ ಪ್ರತಿ ರೊಟ್ಟಿ ಮೇಲೆ ಯಂತ್ರದ ಕೂಲಿ 40 ಪೈಸೆ.

ಎರಡನೆಯದು ಒಡೆಯೋದು. ಇಪ್ಪತ್ತಕ್ಕೆ ಒಂದು ಚೂರಾಗ್ತಿತ್ತು, ಅದಕ್ಕೆ ದುಡ್ಡು ಬರಲ್ಲ. ಇವೆರಡನ್ನೂ ಸೇರಿಸಿದ್ರೆ ಅಸಲು ಖರ್ಚು ಸುಮಾರು 6 ರೂಪಾಯಿ 10 ಪೈಸೆ. ಅಂದ್ರೆ ಮಾರಿದ ಪ್ರತಿ ರೊಟ್ಟಿಗೂ 10 ಪೈಸೆ ನಷ್ಟ! ಇದು ತಕ್ಷಣ ಗೊತ್ತಾಗಲ್ಲ. ಕೈಗೆ ದುಡ್ಡು ಬರ್ತಾನೇ ಇರುತ್ತೆ. ಯಂತ್ರದ ಮೋಟರ್ ಸುಟ್ಟ ದಿನ ಸಂಘದ ಪೆಟ್ಟಿಗೆಯಲ್ಲಿ ಏನೂ ಇರಲ್ಲ, ಅಷ್ಟೇ.

ಸಬ್ಸಿಡಿ ಬಂದ್ರೆ ಸರಿ ಹೋಗುತ್ತಲ್ಲ ಅಂತೀರಾ? 2020ರಲ್ಲಿ ಶುರುವಾದ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಣ್ಣ ಆಹಾರ ಘಟಕಗಳ ಬಂಡವಾಳಕ್ಕೆ ಶೇ. 35ರಷ್ಟು ಸಬ್ಸಿಡಿ ಇಟ್ಟಿದ್ದಾರೆ, ಬ್ಯಾಂಕ್ ಸಾಲದ ಜೊತೆ. ಒಳ್ಳೇದೇ. ಆದರೂ ಯಂತ್ರದ ಕೂಲಿಯನ್ನು ಪೂರ್ತಿ ಬೆಲೆಯ ಮೇಲೇ ಹಾಕಿ ಅಂತ ನಾನು ಹೇಳಿದೆ. ಮುಂದಿನ ಯಂತ್ರ ಕೊಳ್ಳುವಾಗ ಸಬ್ಸಿಡಿ ಸಿಕ್ಕೇ ಸಿಗುತ್ತೆ ಅಂತ ಯಾರೂ ಬರೆದು ಕೊಟ್ಟಿಲ್ಲ.

ದಾರಿ ಇದ್ದದ್ದು ಯಂತ್ರವನ್ನು ಹೆಚ್ಚು ಓಡಿಸೋದ್ರಲ್ಲಿ. ಒಂದು ಕೆಜಿ ಹಿಟ್ಟಿಗೆ ಇವರ ಅಳತೆಯಲ್ಲಿ 25 ರೊಟ್ಟಿ. 300 ರೊಟ್ಟಿಗೆ 12 ಕೆಜಿ. ಯಂತ್ರಕ್ಕೆ ದಿನಕ್ಕೆ 40 ಕೆಜಿ ತಾಕತ್ತಿದೆ. ಪಕ್ಕದ ಎರಡು ಸಂಘಗಳು ತಮ್ಮ ಹಿಟ್ಟು ತಂದು ಇಲ್ಲೇ ಒತ್ತಿಸಿಕೊಂಡ್ರೆ ಸಾವಿರ ರೊಟ್ಟಿ ಆಗುತ್ತೆ, ಯಂತ್ರದ ಖರ್ಚು 12 ಪೈಸೆಗೆ ಇಳಿಯುತ್ತೆ. ಆಗ ಅದೇ 6 ರೂಪಾಯಿಗೆ ಮಾರಿದ್ರೂ ಸುಮಾರು 19 ಪೈಸೆ ಉಳಿಯುತ್ತೆ. ಪಟ್ಟಣಕ್ಕೆ ತಾವೇ ಒಯ್ಯೋದಾದ್ರೆ ಟೆಂಪೊದಲ್ಲೂ ಇದೇ ಕಥೆ. ಒಂದು ಟ್ರಿಪ್‌ಗೆ 600 ರೂಪಾಯಿ ಅಂದ್ರೆ 300 ರೊಟ್ಟಿಗೆ ತಲಾ 2 ರೂಪಾಯಿ, ಸಾವಿರ ರೊಟ್ಟಿಗೆ 60 ಪೈಸೆ.

ಇಷ್ಟು ಕೇಳಿ ಚಿಗವ್ವ, "ಲೆಕ್ಕ ಛಲೋ ಐತಿ ತಮ್ಮಾ. ಆದ್ರ ಅವರು ಹಳೇ ಹಿಟ್ಟು ತಂದ್ರ ನಮ್ಮ ಹೆಸರು ಕೆಡ್ತದಲ್ಲ?" ಅಂದ್ರು.

ನನ್ನ ಸ್ಪ್ರೆಡ್‌ಶೀಟ್‌ನಲ್ಲಿ ಇದಕ್ಕೆ ಕಾಲಮ್ಮೇ ಇರಲಿಲ್ಲ. ಜೋಳದಲ್ಲಿ ಗೋಧಿಯಂಥ ಜಿಗುಟು ಇಲ್ಲ. ಕುದಿಯುವ ನೀರು ಹಾಕಿ ಚೆನ್ನಾಗಿ ನಾದಿದ್ರೇನೇ ಹಿಟ್ಟು ಕೂಡಿಕೊಳ್ಳೋದು. ಬೀಸಿ ಬಹಳ ದಿನ ಆಗಿದ್ರೆ ಒತ್ತುವಾಗಲೇ ಅಂಚು ಬಿರಿಯುತ್ತೆ, ಅದೇ ಬಿರುಕು ಟೆಂಪೊದಲ್ಲಿ ಚೂರಾಗುತ್ತೆ. ಒಣಗಿದ್ದು ಸಾಲದಿದ್ರೆ ಇನ್ನೊಂದು ಕಷ್ಟ: ಮುರಿದಾಗ ಚಟ್ ಅನ್ನದೆ ಬಾಗುತ್ತೆ. ಅಂಥದ್ದನ್ನು ಕವರ್‌ಗೆ ಹಾಕಿದ್ರೆ ಬೂಸಲು ಗ್ಯಾರಂಟಿ, ಮಳೆಗಾಲದಲ್ಲಂತೂ ಕೇಳೋದೇ ಬೇಡ.

ಒಂದೇ ಹೆಸರಲ್ಲಿ ಮಾರಬೇಕಾದ್ರೆ ಕೌಶಲವನ್ನೂ ಹಂಚಿಕೊಳ್ಳಲೇಬೇಕು. ಕಲಬುರಗಿಯಲ್ಲಿ ಬೇರೆ ಬೇರೆ ಮಹಿಳಾ ಸಂಘಗಳ ರೊಟ್ಟಿಯನ್ನು "ಕಲಬುರಗಿ ರೊಟ್ಟಿ" ಅಂತ ಒಂದೇ ಬ್ರಾಂಡಿನಲ್ಲಿ ಮಾರ್ತಾರೆ. ಹೀಗೆ ಮಾಡಿದಾಗ ಯಾರ ಮನೆ ಒಲೆಯಿಂದ ಬಂತು ಅಂತ ಕೊಂಡವರಿಗೆ ಗೊತ್ತಾಗಲ್ಲ. ಒಂದು ಪ್ಯಾಕೆಟ್ ಕೆಟ್ಟರೆ ಎಲ್ಲರ ಪ್ಯಾಕೆಟ್ಟೂ ಅಂಗಡಿಯಲ್ಲೇ ಉಳಿಯುತ್ತೆ.

ಕೊನೆಗೆ ಮೂರೂ ಸಂಘ ಕೂತು ಒಪ್ಪಿಕೊಂಡದ್ದು ಇದು. ಹಿಟ್ಟು ಆ ವಾರ ಬೀಸಿದ್ದೇ ಇರಬೇಕು. ಹಿಟ್ಟು ನಾದೋದರಲ್ಲಿ ಕೈ ಪಳಗಿದ ಇಬ್ಬರು ಎಲ್ಲರ ಹಿಟ್ಟನ್ನೂ ನಾದಬೇಕು, ಅವರಿಗೆ ಕೆಜಿ ಲೆಕ್ಕದಲ್ಲಿ ಕೂಲಿ. ಬೇಯಿಸೋರಿಗೆ ರೊಟ್ಟಿ ಲೆಕ್ಕ. ಮನೆಯಲ್ಲಿ ಕೂತವರಿಗೆ ಕೂಲಿ ಇಲ್ಲ, ಉಳಿದ ಲಾಭದಲ್ಲಿ ಮಾತ್ರ ಪಾಲು. (ಇದಕ್ಕೆ ಒಂದಿಷ್ಟು ಜಗಳ ಆಯ್ತು, ಆಗಲೇಬೇಕಿತ್ತು.) ಪ್ರತಿ ಪ್ಯಾಕೆಟ್ ಮೇಲೆ ಸಂಘದ ನಂಬರ್ ಇರುತ್ತೆ, ವಾಪಸ್ ಬಂದ್ರೆ ಆ ಸಂಘದ ಖಾತೆಗೇ.

ಯಂತ್ರದ ಕೂಲಿ ಎಲ್ಲರಿಗೂ ಕೆಜಿಗೆ 5 ರೂಪಾಯಿ, ಚಿಗವ್ವನ ಸಂಘಕ್ಕೂ ಸೇರಿ. 40 ಕೆಜಿ ತುಂಬಿದ್ರೆ 3 ರೂಪಾಯಿ ಸಾಕಾಗ್ತಿತ್ತು. ಆದರೆ ಎಲ್ಲಾ ದಿನ ತುಂಬಲ್ಲ, ದಿನಕ್ಕೆ 24 ಕೆಜಿ ಬಂದ್ರೂ 120 ರೂಪಾಯಿ ಹುಟ್ಟಬೇಕು. ಆ ದುಡ್ಡು ಪೆಟ್ಟಿಗೆಗೆ ಹೋಗಲ್ಲ, ಬ್ಯಾಂಕಿನ ಬೇರೆ ಖಾತೆಗೆ ಹೋಗುತ್ತೆ. ಅದನ್ನು ತೆಗೀಬೇಕಾದ್ರೆ ಮೂರೂ ಸಂಘದ ಅಧ್ಯಕ್ಷೆಯರ ಸಹಿ ಬೇಕು.